ಒಬ್ಬರಿಗೆ ಮೆನಿಂಜೈಟಿಸ್, ಮನೆಮಂದಿಗೆಲ್ಲ ಮಾತ್ರೆ

ಮೆನಿಂಗೊಕಾಕಲ್ ಮೆನಿಂಜೈಟಿಸ್ ಎಂದು ಗೊತ್ತಾದ ರೋಗಿ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿರುವಾಗಲೇ, ಆರೋಗ್ಯವಾಗಿ ಓಡಾಡಿಕೊಂಡಿರುವ ಆತನ ಮನೆಯವರಿಗೂ ವೈದ್ಯರು ಆಂಟಿಬಯಾಟಿಕ್ ಕೊಡುತ್ತಾರೆ. ಜ್ವರವಿಲ್ಲ, ಕೆಮ್ಮಿಲ್ಲ, ಯಾವ ಪರೀಕ್ಷೆಯನ್ನೂ ಮಾಡಿಲ್ಲ, ಆದರೂ ಔಷಧ. ಬೇಕಿಲ್ಲದ ಕಡೆ ಆಂಟಿಬಯಾಟಿಕ್ ನುಂಗಬೇಡಿ ಎಂದು ಸದಾ ಹೇಳುವ ವೈದ್ಯಶಾಸ್ತ್ರವೇ ಇಲ್ಲಿ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಅದೂ ಆದಷ್ಟು ಬೇಗ, ಸಾಧ್ಯವಾದರೆ ರೋಗ ಗುರುತಿಸಿದ 24 ಗಂಟೆಯೊಳಗೆ, ಮತ್ತು ಎಲ್ಲರಿಗೂ ಒಟ್ಟಿಗೆ. ಈ ಅವಸರಕ್ಕೂ ಈ ಒಟ್ಟಿಗೆ ಎನ್ನುವ ಪಟ್ಟಿಗೂ ಕಾರಣ ಸಿಗುವುದು ಈ ರೋಗಾಣು ಎಲ್ಲಿ ವಾಸಿಸುತ್ತದೆ ಎಂಬುದರಲ್ಲಿ.

ನೈಸೀರಿಯಾ ಮೆನಿಂಜೈಟಿಡಿಸ್ ಎಂಬ ಈ ಬ್ಯಾಕ್ಟೀರಿಯಾಕ್ಕೆ ಮನುಷ್ಯನಲ್ಲದೆ ಬೇರೆ ಆಸರೆಯಿಲ್ಲ. ಪ್ರಾಣಿಗಳಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಇದು ಬದುಕುವುದಿಲ್ಲ. ದೇಹದ ಹೊರಗೆ ಬಿದ್ದರೆ ಬೇಗನೆ ಸಾಯುತ್ತದೆ. ಇದರ ನೆಲೆ ಮೂಗಿನ ಹಿಂಬದಿ ಗಂಟಲನ್ನು ಕೂಡುವ ಒದ್ದೆ ಜಾಗ. ಸಾಮಾನ್ಯವಾಗಿ ನೂರು ಜನರಲ್ಲಿ ಸುಮಾರು ಹತ್ತು ಜನರ ಗಂಟಲಿನಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಟ್ಟಿರುತ್ತದೆ. ಹದಿಹರೆಯದವರಲ್ಲಿ, ಹಾಸ್ಟೆಲ್ ಮತ್ತು ಸೇನಾ ಶಿಬಿರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಇವರನ್ನು ವಾಹಕರು ಎನ್ನುತ್ತಾರೆ. ವಾರಗಳೋ ತಿಂಗಳುಗಳೋ ಇದ್ದು, ದೇಹಕ್ಕೆ ತನ್ನ ವಿರುದ್ಧ ಪ್ರತಿರೋಧವನ್ನು ಕಲಿಸಿ, ರೋಗಾಣು ತಾನಾಗಿಯೇ ಹೊರಟುಹೋಗುತ್ತದೆ. ತನ್ನ ಗಂಟಲಿಗೆ ಇಂಥ ಅತಿಥಿ ಬಂದು ಹೋಯಿತೆಂಬುದು ಬಹುಪಾಲು ಜನರಿಗೆ ಎಂದೂ ತಿಳಿಯುವುದಿಲ್ಲ.

ಎಲ್ಲೋ ಅಪರೂಪಕ್ಕೆ ಒಬ್ಬರಲ್ಲಿ ಅದು ಗಂಟಲಿನ ಒಳಪದರವನ್ನು ದಾಟಿ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಮೆದುಳಿನ ಹೊದಿಕೆಗಳನ್ನು ತಲುಪಿದರೆ ಮೆನಿಂಜೈಟಿಸ್. ರಕ್ತದಲ್ಲೇ ಸ್ಫೋಟಿಸಿದರೆ ಮೈಮೇಲೆ ನೇರಳೆ ಚುಕ್ಕೆಗಳನ್ನು ಎಬ್ಬಿಸುವ ರಕ್ತದ ನಂಜು. ಹೀಗೆ ಒಳಗಿಳಿಯುವುದಿದ್ದರೆ ಸಾಮಾನ್ಯವಾಗಿ ರೋಗಾಣು ಗಂಟಲಿಗೆ ಬಂದ ಹೊಸದರಲ್ಲೇ, ದೇಹ ಇನ್ನೂ ಪ್ರತಿರೋಧ ಕಟ್ಟಿಕೊಳ್ಳುವ ಮೊದಲೇ ಇಳಿಯುತ್ತದೆ. ಸೋಂಕು ತಗುಲಿದ 2ರಿಂದ 10 ದಿನಗಳಲ್ಲಿ, ಹೆಚ್ಚಿನವರಲ್ಲಿ ಮೂರು ನಾಲ್ಕು ದಿನಗಳಲ್ಲಿ, ಕಾಯಿಲೆ ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ವಾಹಕರಾಗಿರುವವರು ಕಾಯಿಲೆ ಬೀಳುವುದು ತೀರ ಕಡಿಮೆ. ಅವರಿಂದ ಹೊಸದಾಗಿ ರೋಗಾಣು ಪಡೆದವರದೇ ಅಪಾಯ.

ಈ ಲೆಕ್ಕವನ್ನು ಒಂದು ಮನೆಗೆ ಅನ್ವಯಿಸಿದರೆ ಸಾಮಾನ್ಯ ಊಹೆ ತಲೆಕೆಳಗಾಗುತ್ತದೆ. ರೋಗಿಯಿಂದ ಮನೆಯವರಿಗೆ ಅಂಟುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಆದರೆ ಕಾಯಿಲೆ ಬಿದ್ದ ಹುಡುಗನಿಗೆ ಆ ರೋಗಾಣುವನ್ನು ಕೊಟ್ಟವರು ಬಹುಶಃ ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ, ಆರೋಗ್ಯವಾಗಿಯೇ ಇರುವ ಇನ್ನೊಬ್ಬರು. ಹುಡುಗ ಆಸ್ಪತ್ರೆ ಸೇರಿದ ಮೇಲೂ ಆ ವಾಹಕ ಮನೆಯಲ್ಲೇ ಉಳಿದಿರುತ್ತಾರೆ. ಮುಂದಿನ ಸರದಿ ಮನೆಯ ಪುಟ್ಟ ಮಗುವಿನದಾಗಬಹುದು. ಮುನ್ನೆಚ್ಚರಿಕೆಯ ಔಷಧದ ಮುಖ್ಯ ಗುರಿ ಈ ವಾಹಕ. ಯಾರ ಗಂಟಲಿನಲ್ಲಿ ರೋಗಾಣು ಇದೆಯೋ ತಿಳಿಯದು. ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿ ಉತ್ತರಕ್ಕೆ ಕಾಯುತ್ತ ಕೂತರೆ ಅಪಾಯದ ದಿನಗಳೇ ಕಳೆದುಹೋಗುತ್ತವೆ, ಪರೀಕ್ಷೆಯೂ ಎಲ್ಲ ಸಲ ರೋಗಾಣುವನ್ನು ಹಿಡಿಯುವುದಿಲ್ಲ. ಆದ್ದರಿಂದ ಇಡೀ ಬಳಗಕ್ಕೆ ಒಂದೇ ಹೊತ್ತಿಗೆ ಔಷಧ ಕೊಟ್ಟು, ಅದು ಯಾರಲ್ಲೇ ಇರಲಿ, ಅಳಿಸಿಹಾಕುವುದು ದಾರಿ. ಒಬ್ಬರಿಗೆ ಇಂದು, ಇನ್ನೊಬ್ಬರಿಗೆ ನಾಲ್ಕು ದಿನ ಬಿಟ್ಟು ಕೊಟ್ಟರೆ, ತಿಗಣೆ ಹತ್ತಿದ ಮನೆಯಲ್ಲಿ ಒಂದೇ ಮಂಚಕ್ಕೆ ಔಷಧ ಹೊಡೆದ ಹಾಗೆ.

ಅಪಾಯ ಎಷ್ಟು ಎಂಬುದನ್ನೂ ಅಳತೆ ಮೀರಿ ಹಿಗ್ಗಿಸಬಾರದು. ಔಷಧ ಕೊಡದೆ ಬಿಟ್ಟರೆ ಮನೆಯ ನಿಕಟ ಸಂಪರ್ಕಿಗಳಲ್ಲಿ ಸಾವಿರಕ್ಕೆ ಸುಮಾರು ನಾಲ್ವರು ಕಾಯಿಲೆ ಬೀಳುತ್ತಾರೆ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಬಹುಕಾಲದಿಂದ ಬಳಸುವ ಲೆಕ್ಕ. ಹಾಗೆ ನೋಡಿದರೆ 996 ಮಂದಿಗೆ ಏನೂ ಆಗುವುದಿಲ್ಲ. ಆದರೆ ಹೊರಗಿನ ಜನಸಾಮಾನ್ಯರಿಗೆ ಹೋಲಿಸಿದರೆ ಈ ನಾಲ್ಕು ಎಂಬುದು 500ರಿಂದ 800 ಪಟ್ಟು ಹೆಚ್ಚು. ಜೊತೆಗೆ ಈ ಕಾಯಿಲೆ ಒಂದು ಹಗಲಿನೊಳಗೆ ಆರೋಗ್ಯವಂತ ಯುವಕನನ್ನು ಮುಗಿಸಬಲ್ಲದು. ಒಳ್ಳೆಯ ಚಿಕಿತ್ಸೆ ಸಿಕ್ಕರೂ ನೂರರಲ್ಲಿ ಹತ್ತು ಹದಿನೈದು ಜನ ಸಾಯುತ್ತಾರೆ, ಬದುಕಿದವರಲ್ಲಿ ಕೆಲವರು ಕಿವುಡರಾಗುತ್ತಾರೆ ಅಥವಾ ಬೆರಳು, ಕಾಲು ಕಳೆದುಕೊಳ್ಳುತ್ತಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮನೆಯವರಿಗೆ ಔಷಧ ಕೊಟ್ಟಲ್ಲಿ ಎರಡನೆಯ ರೋಗಿಯಾಗುವ ಸಾಧ್ಯತೆ ಶೇಕಡ 89ರಷ್ಟು ಇಳಿದಿತ್ತು. ಒಂದು ರೋಗವನ್ನು ತಪ್ಪಿಸಲು ಸುಮಾರು 218 ಜನರಿಗೆ ಔಷಧ ಕೊಡಬೇಕಾಗುತ್ತದೆ ಎಂದೂ ಅದೇ ಲೆಕ್ಕ ಹೇಳಿತು. ಒಂದು ಮಾತ್ರೆಯ ಬೆಲೆಯಲ್ಲಿ ನೋಡಿದರೆ ಇದು ಒಳ್ಳೆಯ ವ್ಯಾಪಾರವೇ. ಆದರೆ ಸಂಪರ್ಕ ದೂರವಾದಂತೆ 218 ಎಂಬ ಸಂಖ್ಯೆ ಸಾವಿರಗಳಿಗೆ ಏರುತ್ತದೆ, ಔಷಧದ ಅಡ್ಡ ಪರಿಣಾಮ ಲಾಭವನ್ನು ಮೀರತೊಡಗುತ್ತದೆ. ವೈದ್ಯರು ಪಟ್ಟಿಯನ್ನು ಚಿಕ್ಕದಾಗಿಡಲು ಹಟ ಹಿಡಿಯುವುದು ಇದಕ್ಕೇ.

ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇದು ಯಾವ ಮೆನಿಂಜೈಟಿಸ್ ಎಂಬುದು. ಮೆದುಳು ಹೊದಿಕೆಯ ಉರಿಯೂತಕ್ಕೆ ಹತ್ತಾರು ಕಾರಣಗಳಿವೆ. ನ್ಯೂಮೋಕಾಕಸ್ ಇರಬಹುದು, ಕ್ಷಯ ಇರಬಹುದು, ಯಾವುದೋ ವೈರಸ್ ಇರಬಹುದು; ಇವುಗಳಲ್ಲಿ ಯಾವುದಕ್ಕೂ ಮನೆಯವರಿಗೆಲ್ಲ ಹೀಗೆ ಆಂಟಿಬಯಾಟಿಕ್ ಕೊಡುವ ಪದ್ಧತಿ ಇಲ್ಲ. ಹೀಮೋಫಿಲಸ್ ಬಿ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಉಂಟು, ಆದರೆ ಅದರ ನಿಯಮ ಮತ್ತು ಪ್ರಮಾಣವೇ ಬೇರೆ. ಬಳ್ಳಾರಿ, ಕೋಲಾರ, ಮಂಡ್ಯದ ಕಡೆ ಜನ ಮೆದುಳು ಜ್ವರ ಎನ್ನುವಾಗ ಹೆಚ್ಚಾಗಿ ಹೇಳುತ್ತಿರುವುದು ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಬಗ್ಗೆ. ಅದು ವೈರಸ್; ಮನುಷ್ಯನಿಂದ ಮನುಷ್ಯನಿಗೆ ಹರಡುವುದೂ ಇಲ್ಲ, ಆಂಟಿಬಯಾಟಿಕ್‌ಗೆ ಬಗ್ಗುವುದೂ ಇಲ್ಲ. ಪಕ್ಕದ ಮನೆಯಲ್ಲಿ ಮೆದುಳು ಜ್ವರವಂತೆ ಎಂದು ಕೇಳಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುವವರು ಅನೇಕ ಬಾರಿ ಸಂಬಂಧವೇ ಇಲ್ಲದ ರೋಗಕ್ಕೆ ಔಷಧ ತೆಗೆದುಕೊಂಡಿರುತ್ತಾರೆ. ಬೆನ್ನಿನಿಂದ ತೆಗೆದ ನೀರನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೋಡಿ ಜೋಡಿಯಾಗಿ ಕೂತ ಗುಲಾಬಿ ಬಣ್ಣದ ಕಾಳುಗಳು ಕಂಡರೆ, ಅಥವಾ ಜ್ವರದೊಂದಿಗೆ ಒತ್ತಿದರೂ ಮಾಯವಾಗದ ನೇರಳೆ ಚುಕ್ಕೆಗಳು ಮೈತುಂಬ ಎದ್ದಿದ್ದರೆ, ಮೆನಿಂಗೊಕಾಕಸ್ ಎಂದೇ ಹಿಡಿದು ಕೆಲಸ ಶುರುಮಾಡುತ್ತಾರೆ. ಕಲ್ಚರ್ ವರದಿಗಾಗಿ ಕಾಯುವುದಿಲ್ಲ.

ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ನೋಡಬಹುದು. ಹಾಸ್ಟೆಲ್‌ನಲ್ಲಿರುವ 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಗುರುವಾರ ಸಂಜೆ ಚಳಿಜ್ವರ, ತಲೆ ಸಿಡಿಯುವ ನೋವು, ವಾಂತಿ. ಶುಕ್ರವಾರ ಬೆಳಗ್ಗೆ ಕುತ್ತಿಗೆ ಬಗ್ಗಿಸಲಾಗದೆ, ಕಾಲಿನ ಮೇಲೆ ಚುಕ್ಕೆ ಎದ್ದು, ಆಸ್ಪತ್ರೆ ಸೇರುತ್ತಾನೆ. ರಕ್ತ ತೆಗೆದುಕೊಂಡು ಕೂಡಲೇ ಸೆಫ್ಟ್ರಿಯಾಕ್ಸೋನ್ ಶುರುಮಾಡುತ್ತಾರೆ. ಮಧ್ಯಾಹ್ನ ಉಸಿರಾಟ ಹದಗೆಟ್ಟು ಗಂಟಲಿಗೆ ಕೊಳವೆ ಹಾಕಬೇಕಾಗುತ್ತದೆ. ಅಷ್ಟರಲ್ಲಿ ಪ್ರಯೋಗಾಲಯದಿಂದ ಜೋಡಿ ಕಾಳುಗಳ ಸುದ್ದಿ ಬರುತ್ತದೆ.

ಈಗ ತಿರುಗಿ ನೋಡಬೇಕಾದದ್ದು ಲಕ್ಷಣ ಕಾಣಿಸುವ ಮೊದಲಿನ ಏಳು ದಿನ, ಅಂದರೆ ಹಿಂದಿನ ಗುರುವಾರದಿಂದ. ಹಾಸ್ಟೆಲ್ ಕೋಣೆಯಲ್ಲಿ ಜೊತೆಗೆ ಮಲಗುವವರು ಇಬ್ಬರು. ಇವರು ಪಟ್ಟಿಯಲ್ಲಿ ಮೊದಲಿಗರು. ಶನಿವಾರ ಭಾನುವಾರ ಊರಿಗೆ ಹೋಗಿದ್ದ. ಮನೆಯಲ್ಲಿ ಅಪ್ಪ, ಅಮ್ಮ, ಹೆರಿಗೆಗೆಂದು ತವರಿಗೆ ಬಂದಿರುವ ಅಕ್ಕ, ಅವಳ ಮೂರು ವರ್ಷದ ಮಗ. ಒಂದೇ ಸೂರಿನಡಿ ರಾತ್ರಿ ಕಳೆದಿದ್ದಾರೆ, ಮಗು ಮಾವನ ತೊಡೆ ಬಿಟ್ಟು ಇಳಿದಿಲ್ಲ. ನಾಲ್ವರೂ ಪಟ್ಟಿಗೆ ಸೇರುತ್ತಾರೆ. ಬಾಯಿಗೆ ಬಾಯಿಟ್ಟು ಮುತ್ತು ಕೊಟ್ಟ ಗೆಳತಿಯಿದ್ದರೆ ಅವಳೂ ಸೇರಬೇಕು. ಇದನ್ನು ಅಪ್ಪ ಅಮ್ಮನ ಎದುರು ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ ಎಂಬುದು ಅನುಭವವಿರುವ ಆರೋಗ್ಯ ಸಿಬ್ಬಂದಿಗೆ ಗೊತ್ತು. ರೋಗಿ ಮಾತಾಡುವ ಸ್ಥಿತಿಯಲ್ಲಿಲ್ಲದಾಗ ಗೆಳೆಯರನ್ನು ಪ್ರತ್ಯೇಕವಾಗಿ ಕೇಳುತ್ತಾರೆ.

ಪಟ್ಟಿಗೆ ಸೇರದವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಅದೇ ತರಗತಿಯ ಅರವತ್ತು ಮಂದಿ ಸೇರುವುದಿಲ್ಲ. ಅದೇ ಮೆಸ್ಸಿನಲ್ಲಿ ಉಣ್ಣುವವರು ಸೇರುವುದಿಲ್ಲ. ಊರಿಗೆ ಹೋಗುವಾಗ ಬಸ್ಸಿನಲ್ಲಿ ಐದು ಗಂಟೆ ಪಕ್ಕದಲ್ಲಿ ಕೂತವರನ್ನು ಹುಡುಕಿಕೊಂಡು ಹೋಗುವುದಿಲ್ಲ. ಸಿಡಿಸಿ ಪ್ರಯಾಣಿಕರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂಟು ಗಂಟೆಗೂ ಮೀರಿದ ವಿಮಾನಯಾನದಲ್ಲಿ ಅಕ್ಕಪಕ್ಕ ಕೂತವರನ್ನು ಮಾತ್ರ. ಶುಕ್ರವಾರ ಬಿ.ಪಿ. ನೋಡಿದ ನರ್ಸ್, ಸ್ಟ್ರೆಚರ್ ತಳ್ಳಿದವರು, ಆಂಬುಲೆನ್ಸ್ ಚಾಲಕ ಇವರಾರಿಗೂ ಬೇಕಿಲ್ಲ. ಆದರೆ ಮಾಸ್ಕ್ ಹಾಕಿಕೊಳ್ಳದೆ ರೋಗಿಯ ಬಾಯಿಯ ಮೇಲೆ ಬಾಗಿ ಗಂಟಲಿಗೆ ಕೊಳವೆ ಇಳಿಸಿದ ವೈದ್ಯರಿಗೆ ಬೇಕು, ಏಕೆಂದರೆ ಆ ಕ್ಷಣದಲ್ಲಿ ಗಂಟಲಿನ ದ್ರವ ನೇರವಾಗಿ ಮುಖಕ್ಕೆ ಎರಚಿರುತ್ತದೆ. ಸರಿಯಾದ ಆಂಟಿಬಯಾಟಿಕ್ ಶುರುವಾಗಿ 24 ಗಂಟೆ ಕಳೆದ ಮೇಲಾದರೆ ಆ ಅಪಾಯವೂ ಇರುವುದಿಲ್ಲ.

ಎಂಜಲಿನ ಪ್ರಶ್ನೆ ಮಾತ್ರ ಸ್ವಲ್ಪ ಗೋಜಲಿನದು. ಒಂದೇ ನೀರಿನ ಬಾಟಲಿಗೆ ಬಾಯಿ ಹಚ್ಚಿ ಕುಡಿದ ಕ್ರಿಕೆಟ್ ಗೆಳೆಯರಿಗೆ ಕೊಡಬೇಕೆ? ಅಮೆರಿಕದಲ್ಲಿ ವೈದ್ಯರು ಬಾಯಿಯ ದ್ರವದ ನೇರ ಸಂಪರ್ಕವನ್ನು ಸ್ವಲ್ಪ ಧಾರಾಳವಾಗಿ ಅರ್ಥಮಾಡುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿ ಲೋಟ, ಊಟ, ಸಿಗರೇಟು ಹಂಚಿಕೊಂಡದ್ದನ್ನು ಒಪ್ಪುವುದಿಲ್ಲ. ಬ್ರಿಟಿಷರ ವಾದಕ್ಕೆ ಆಧಾರವಿದೆ: ಈ ರೋಗಾಣು ಗಂಟಲಿನ ಹಿಂಬದಿಯಲ್ಲಿ ಹೇರಳವಾಗಿದ್ದರೂ ಬಾಯಿಯ ಮುಂಭಾಗದ ಜೊಲ್ಲಿನಲ್ಲಿ ಸಿಗುವುದು ಅಪರೂಪ. ಬಾಟಲಿ ಎತ್ತಿ ಕುಡಿಯುವ ರೂಢಿಯವರಿಗೆ ಹೇಗೂ ಈ ಚಿಂತೆಯಿಲ್ಲ.

ಹೀಗೆ ನೂರಾರು ಜನರ ಓಡಾಟದ ನಡುವಿನಿಂದ ಉಳಿದದ್ದು ಏಳೆಂಟು ಮಂದಿ. ಇವರಿಗೆ ಯಾವ ಔಷಧ? ಆಯ್ಕೆ ಮುಖ್ಯವಾಗಿ ಮೂರು, ಮತ್ತು ಮೂರಕ್ಕೂ ಒಂದು ಸಾಮಾನ್ಯ ಗುಣವಿದೆ: ಅವು ಗಂಟಲಿನ ಒಳಪದರವನ್ನು ತಲುಪಿ ಅಲ್ಲಿ ನೆಲೆಸಿದ ರೋಗಾಣುವನ್ನು ಕೊಲ್ಲುತ್ತವೆ.

ವಯಸ್ಕರಿಗೆ ಸಲೀಸಾದದ್ದು ಸಿಪ್ರೊಫ್ಲಾಕ್ಸಾಸಿನ್. 500 ಮಿಲಿಗ್ರಾಂನ ಒಂದೇ ಮಾತ್ರೆ, ಒಂದೇ ಸಲ. ಎದುರಿಗೇ ನುಂಗಿಸಿ ಕಳಿಸಬಹುದು, ಮರೆತೆ ಎನ್ನುವ ಪ್ರಶ್ನೆಯಿಲ್ಲ. ಕೋಣೆಯ ಇಬ್ಬರು ಗೆಳೆಯರಿಗೆ, ಅಮ್ಮನಿಗೆ, ವೈದ್ಯರಿಗೆ ಇದೇ ಸಾಕು. ಎಳೆಯ ಪ್ರಾಣಿಗಳ ಕೀಲಿನ ಮೃದ್ವಸ್ಥಿಗೆ ಇದು ಹಾನಿ ಮಾಡಿದ್ದು ಕಂಡಿದ್ದರಿಂದ ಮೊದಲು ಮಕ್ಕಳಿಗೆ ಕೊಡಲು ಹಿಂಜರಿಯುತ್ತಿದ್ದರು. ಒಂದೇ ಬಾರಿಯ ಡೋಸಿನಿಂದ ಅಂಥ ತೊಂದರೆ ಮಕ್ಕಳಲ್ಲಿ ಕಾಣದ ಕಾರಣ ಈಗ ಬ್ರಿಟನ್ನಿನಲ್ಲಿ ಎಲ್ಲ ವಯಸ್ಸಿನವರಿಗೂ ಇದೇ ಮೊದಲ ಆಯ್ಕೆ.

ರಿಫಾಂಪಿಸಿನ್ ಹಳೆಯ ಔಷಧ. ದೊಡ್ಡವರಿಗೆ 600 ಮಿಲಿಗ್ರಾಂ, 12 ಗಂಟೆಗೊಮ್ಮೆ, ಎರಡು ದಿನ, ಒಟ್ಟು ನಾಲ್ಕು ಡೋಸು. ಒಂದು ತಿಂಗಳು ದಾಟಿದ ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ಎಳೆಯ ಕೂಸುಗಳಿಗೆ 5. ಅಕ್ಕನ ಮಗ 14 ಕಿಲೋ ಇದ್ದರೆ ಪ್ರತಿ ಸಲ 140 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುವ ಸಿರಪ್ ಆದರೆ 7 ಮಿಲಿಲೀಟರ್. ಈ ಔಷಧ ತೆಗೆದುಕೊಂಡ ಮೇಲೆ ಮೂತ್ರ, ಬೆವರು, ಕಣ್ಣೀರು ಕಿತ್ತಳೆಗೆಂಪಾಗುತ್ತವೆ. ಮೊದಲೇ ಹೇಳದಿದ್ದರೆ ಮೂತ್ರದಲ್ಲಿ ರಕ್ತ ಹೋಗುತ್ತಿದೆಯೆಂದು ಮನೆಯವರು ಗಾಬರಿಯಾಗಿ ಔಷಧ ನಿಲ್ಲಿಸುವುದುಂಟು. ಹೇಳಿದ್ದರೆ ಅದೇ ಬಣ್ಣ ಔಷಧ ಹೊಟ್ಟೆಗೆ ಹೋಗಿದೆ ಎಂಬುದಕ್ಕೆ ಸಾಕ್ಷಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್‌ಗೆ ಹತ್ತಿದ ಕಲೆ ಮಾತ್ರ ಹೋಗದೆ ಉಳಿಯಬಹುದು.

ರಿಫಾಂಪಿಸಿನ್‌ನ ನಿಜವಾದ ತೊಡಕು ಬಣ್ಣದ್ದಲ್ಲ. ಅದು ಯಕೃತ್ತನ್ನು ಚುರುಕುಗೊಳಿಸಿ ಇತರ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಮಾತ್ರೆ, ಮೂರ್ಛೆರೋಗದ ಕೆಲವು ಮಾತ್ರೆಗಳು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇವುಗಳ ಬಲ ಕುಗ್ಗುತ್ತದೆ. ಅಪ್ಪನ ಹೃದಯಕ್ಕೆ ಕೃತಕ ಕವಾಟ ಕೂರಿಸಿ ವಾರ್ಫರಿನ್ ಕೊಡುತ್ತಿದ್ದರೆ ರಿಫಾಂಪಿಸಿನ್ ಮುಟ್ಟುವಂತಿಲ್ಲ. ಯಾವ ಔಷಧ ಕೊಟ್ಟರೂ ಆತನ ರಕ್ತ ಪರೀಕ್ಷೆಯ ಮೇಲೆ ಕಣ್ಣಿಡಬೇಕು. ಭಾರತದಲ್ಲಿ ಇನ್ನೊಂದು ಸಂಗತಿಯೂ ಇದೆ. ಕ್ಷಯದ ಚಿಕಿತ್ಸೆ ನಿಂತಿರುವುದೇ ರಿಫಾಂಪಿಸಿನ್ ಮೇಲೆ. ತಿಂಗಳುಗಟ್ಟಲೆ ಕೆಮ್ಮುತ್ತಿರುವ, ಕ್ಷಯದ ಅನುಮಾನವಿರುವ ಅಜ್ಜನಿಗೆ ಅದೊಂದನ್ನೇ ಎರಡು ದಿನ ಕೊಡುವುದಕ್ಕಿಂತ ಬೇರೆಯದನ್ನು ಆರಿಸುವುದು ಜಾಣತನ.

ಮೂರನೆಯದು ಸೆಫ್ಟ್ರಿಯಾಕ್ಸೋನ್, ಸ್ನಾಯುವಿಗೆ ಚುಚ್ಚುವ ಒಂದೇ ಇಂಜೆಕ್ಷನ್. 15 ವರ್ಷ ತುಂಬಿದವರಿಗೆ 250 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 125. ಚುಚ್ಚಿದ ಜಾಗ ಚೆನ್ನಾಗಿಯೇ ನೋಯುತ್ತದೆ. ಗರ್ಭಿಣಿಯರಿಗೆ ಇದು ಒಳ್ಳೆಯ ಆಯ್ಕೆಯಾದ್ದರಿಂದ ಅಕ್ಕನಿಗೆ ಇದೇ. ಸಿರಪ್ ಉಗುಳುವ ಅವಳ ಮಗನಿಗೂ ನಾಲ್ಕು ಸಲ ಬಾಯಿ ಒತ್ತಿ ಕುಡಿಸುವ ಬದಲು ಒಂದು ಚುಚ್ಚುಮದ್ದು ಕೊಟ್ಟು ಮುಗಿಸಬಹುದು. ಇವು ಯಾವುವನ್ನೂ ಜನ ತಾವಾಗಿಯೇ ಅಳೆದು ತೆಗೆದುಕೊಳ್ಳುವುದಲ್ಲ. ಅಲರ್ಜಿ, ಬಸಿರು, ತೂಕ, ಈಗಾಗಲೇ ನುಂಗುತ್ತಿರುವ ಮಾತ್ರೆಗಳು ಇಷ್ಟನ್ನೂ ಕೇಳಿದ ಮೇಲೆಯೇ ವೈದ್ಯರು ಬರೆಯುತ್ತಾರೆ.

ಪೆನಿಸಿಲಿನ್ ಈ ಪಟ್ಟಿಯಲ್ಲಿ ಇಲ್ಲ ಎಂಬುದು ಗಮನಿಸಬೇಕಾದ್ದು. ಮೆನಿಂಗೊಕಾಕಸ್ ರೋಗವನ್ನು ಪೆನಿಸಿಲಿನ್ ದಶಕಗಳಿಂದ ಗುಣಪಡಿಸುತ್ತ ಬಂದಿದೆ, ಆದರೆ ಗಂಟಲಿನಲ್ಲಿರುವ ರೋಗಾಣುವನ್ನು ಅದು ಖಾತರಿಯಾಗಿ ಅಳಿಸುವುದಿಲ್ಲ. ಇದರಿಂದ ಒಂದು ವಿಚಿತ್ರ ಸ್ಥಿತಿ ಹುಟ್ಟುತ್ತದೆ. ಪೆನಿಸಿಲಿನ್‌ನಿಂದ ಬದುಕುಳಿದ ರೋಗಿ ಗಂಟಲಿನಲ್ಲಿ ಅದೇ ರೋಗಾಣುವನ್ನು ಇಟ್ಟುಕೊಂಡು ಮನೆಗೆ ಮರಳಬಹುದು. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲು ರೋಗಿಗೂ ಮುನ್ನೆಚ್ಚರಿಕೆಯ ಔಷಧ ಕೊಡಬೇಕು. ಚಿಕಿತ್ಸೆ ಸೆಫ್ಟ್ರಿಯಾಕ್ಸೋನ್‌ನಿಂದಲೇ ಆಗಿದ್ದರೆ ಮಾತ್ರ ಇದು ಬೇಡ, ನಮ್ಮ ಹುಡುಗನಿಗೂ ಬೇಡ. ಬಿಡುಗಡೆಯ ಗಡಿಬಿಡಿಯಲ್ಲಿ ಮರೆತುಹೋಗುವ ಅಂಶ ಇದು.

ಸಮಯದ ವಿಷಯಕ್ಕೆ ಬಂದರೆ, ಮನೆಯವರಿಗೆ ಅಪಾಯ ಅತಿ ಹೆಚ್ಚಿರುವುದು ಮೊದಲ ವಾರದಲ್ಲಿ. ದಿನ ಕಳೆದಂತೆ ಅದು ತೀವ್ರವಾಗಿ ಇಳಿಯುತ್ತದೆ. ರೋಗಿಯಲ್ಲಿ ಲಕ್ಷಣ ಕಾಣಿಸಿ 14 ದಿನ ದಾಟಿದ ಮೇಲೆ ಕೊಟ್ಟ ಔಷಧದಿಂದ ಹೆಚ್ಚು ಉಪಯೋಗವಿಲ್ಲ ಎಂಬುದು ಸಿಡಿಸಿಯ ನಿಲುವು. ಬ್ರಿಟನ್ನಿನವರು ನಾಲ್ಕು ವಾರದವರೆಗೂ ಕೊಡುತ್ತಾರೆ, ಅಷ್ಟು ತಡವಾಗಿ ಕೊಟ್ಟರೂ ವಾಹಕನಿಂದ ಮುಂದಿನವರಿಗೆ ದಾಟುವುದು ನಿಲ್ಲುತ್ತದಲ್ಲ ಎಂಬ ಎಣಿಕೆಯಿಂದ.

ಮಾತ್ರೆ ನುಂಗಿದ ಮೇಲೂ ಕಾಯಿಲೆ ಬರಬಹುದು, ಇದನ್ನು ಪ್ರತಿ ಸಂಪರ್ಕಿಗೂ ಬಿಡಿಸಿ ಹೇಳಬೇಕು. ಔಷಧ ಗಂಟಲನ್ನು ಶುದ್ಧಮಾಡುವ ಮೊದಲೇ ರೋಗಾಣು ರಕ್ತಕ್ಕೆ ಇಳಿದಿದ್ದರೆ ಒಂದು ಮಾತ್ರೆ ಅದನ್ನು ತಡೆಯಲಾರದು. ಅಲ್ಲಿ ಬೇಕಾದದ್ದು ರಕ್ತನಾಳದ ಮೂಲಕ ಕೊಡುವ ಪೂರ್ಣ ಚಿಕಿತ್ಸೆ. ಜ್ವರದ ಜೊತೆ ಕೈಕಾಲು ತಣ್ಣಗಾಗುವುದು, ಕಾಲು ನೋವು, ಬೆಳಕು ನೋಡಲಾಗದ ತಲೆನೋವು, ಕುತ್ತಿಗೆ ಬಿಗಿತ, ಮಂಪರು, ಎಳೆಗೂಸಾದರೆ ಹಾಲು ಬಿಟ್ಟು ಕೀರಲುವುದು ಇವು ಕಂಡರೆ ನಾನು ಮಾತ್ರೆ ತೆಗೆದುಕೊಂಡಿದ್ದೇನೆ ಎಂದು ಕೂರುವಂತಿಲ್ಲ. ಮೈಮೇಲೆ ಚುಕ್ಕೆ ಎದ್ದರೆ ಗಾಜಿನ ಲೋಟದ ಪಕ್ಕವನ್ನು ಅದರ ಮೇಲೆ ಒತ್ತಿ ನೋಡುವುದುಂಟು. ಸಾಮಾನ್ಯ ಗಂಧೆ ಒತ್ತಿದಾಗ ಬಿಳುಚಿಕೊಳ್ಳುತ್ತದೆ, ಇದು ಗಾಜಿನಡಿಯಲ್ಲೂ ಹಾಗೆಯೇ ಕಾಣುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಬೇಕು. ಚುಕ್ಕೆ ಏಳುವವರೆಗೆ ಕಾಯುವುದೂ ತಪ್ಪು. ಎಷ್ಟೋ ರೋಗಿಗಳಲ್ಲಿ ಅದು ಏಳುವುದೇ ಇಲ್ಲ.

ಮಾತ್ರೆಯ ಕೆಲಸ ಕೆಲವು ದಿನಗಳದ್ದು. ಗಂಟಲು ಶುದ್ಧವಾದ ಮೇಲೆ ಹೊರಗಿನಿಂದ ಮತ್ತೆ ರೋಗಾಣು ಬಂದು ಸೇರಲು ಅಡ್ಡಿಯೇನಿಲ್ಲ. ಅದಕ್ಕಾಗಿ ರೋಗಾಣುವಿನ ಗುಂಪು ಎ, ಸಿ, ಡಬ್ಲ್ಯು ಅಥವಾ ವೈ ಎಂದು ತಿಳಿದರೆ ಸಂಪರ್ಕಿಗಳಿಗೆ ಲಸಿಕೆಯನ್ನೂ ಕೊಡಲಾಗುತ್ತದೆ. ಲಸಿಕೆ ಫಲ ಕೊಡಲು ವಾರವೋ ಹತ್ತು ದಿನವೋ ಬೇಕು, ಆ ನಡುವಿನ ದಿನಗಳನ್ನು ಮಾತ್ರೆ ಕಾಯುತ್ತದೆ.

ಇಷ್ಟು ಚಿಕ್ಕ ಬಳಗ ಏಕೆ, ಇಡೀ ಕಾಲೇಜಿಗೇ ಕೊಟ್ಟರೆ ಏನು ಎಂಬ ಒತ್ತಡ ಪ್ರತಿ ಪ್ರಕರಣದಲ್ಲೂ ಬರುತ್ತದೆ. ಒಂದೇ ಒಂದು ಪ್ರಕರಣಕ್ಕೆ ಅದು ಸಲ್ಲದು. ಅಪಾಯ ಅಷ್ಟಿಲ್ಲ ಎಂಬುದು ಒಂದಾದರೆ, ಸುಮಾರು ಹತ್ತರಲ್ಲಿ ಒಬ್ಬರ ಗಂಟಲಿನಲ್ಲಿ ನಿರುಪದ್ರವಿಯಾಗಿದ್ದು ಪ್ರತಿರೋಧ ಕಲಿಸುತ್ತಿರುವ ತಳಿಗಳನ್ನೂ ಔಷಧ ಅಳಿಸಿಹಾಕುತ್ತದೆ ಎಂಬುದು ಇನ್ನೊಂದು. ಸಾಂಕ್ರಾಮಿಕವಾಗಿ ಹಬ್ಬಿದಾಗ ಲೆಕ್ಕ ಬೇರೆ. ಆಫ್ರಿಕದ ಮೆನಿಂಜೈಟಿಸ್ ಪಟ್ಟಿಯಲ್ಲಿ ಬರುವ ನೈಜರ್ ದೇಶದ ಮದರುಂಫಾ ಜಿಲ್ಲೆಯಲ್ಲಿ 2017ರಲ್ಲಿ ಸಿ ಗುಂಪಿನ ರೋಗ ಹಬ್ಬಿದ್ದಾಗ 49 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಹಳ್ಳಿಗಳಲ್ಲಿ ರೋಗಿಯ ಮನೆಯವರಿಗೆ ಮಾತ್ರ, ಕೆಲವು ಹಳ್ಳಿಗಳಲ್ಲಿ ಊರಿಗೆ ಊರಿಗೇ ಸಿಪ್ರೊಫ್ಲಾಕ್ಸಾಸಿನ್‌ನ ಒಂದು ಡೋಸು, ಉಳಿದೆಡೆ ಎಂದಿನ ಚಿಕಿತ್ಸೆ ಅಷ್ಟೇ. ಊರಿಗೇ ಕೊಟ್ಟಲ್ಲಿ ರೋಗದ ಪ್ರಮಾಣ ಸುಮಾರು ಶೇಕಡ 60ರಷ್ಟು ತಗ್ಗಿತು. ಮನೆಯವರಿಗೆ ಮಾತ್ರ ಕೊಟ್ಟ ಹಳ್ಳಿಗಳಲ್ಲಿ ಒಟ್ಟು ಹಬ್ಬುವಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಊರಲ್ಲೆಲ್ಲ ರೋಗಾಣು ಓಡಾಡುತ್ತಿರುವಾಗ ಒಂದು ಮನೆಯ ಗಂಟಲುಗಳನ್ನು ಶುದ್ಧಮಾಡಿ ಪ್ರಯೋಜನವಿಲ್ಲ ಎಂಬುದಕ್ಕೆ ಇದು ಸ್ಪಷ್ಟ ಪುರಾವೆ.

ಊರಿಗೇ ಔಷಧ ಕೊಡುವುದರ ಬೆಲೆಯೂ ಹಳೆಯ ಅನುಭವ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಸಾವಿರಾರು ಸೈನಿಕರಿಗೆ ಸಲ್ಫಾಡಯಜೀನ್ ಮಾತ್ರೆ ಹಂಚಿ ಮೆನಿಂಜೈಟಿಸ್ ಅಡಗಿಸಿದ್ದರು. ಅಗ್ಗದ, ಬಲವಾದ ಔಷಧ. ಎರಡು ದಶಕದ ನಂತರ, 1963ರಲ್ಲಿ, ಸ್ಯಾನ್ ಡಿಯಾಗೊದ ನೌಕಾ ತರಬೇತಿ ಕೇಂದ್ರದಲ್ಲಿ ಅದಕ್ಕೆ ಬಗ್ಗದ ತಳಿಗಳು ಎದ್ದವು, ಸಲ್ಫಾ ಮಾತ್ರೆಗಳ ಕಾಲ ಮುಗಿಯಿತು. ಆ ಸ್ಥಾನಕ್ಕೆ ತಂದ ಮಿನೊಸೈಕ್ಲಿನ್ ತೆಗೆದುಕೊಂಡವರಿಗೆ ತಲೆಸುತ್ತು ಬರುತ್ತಿದ್ದುದರಿಂದ ಅದೂ ಉಳಿಯಲಿಲ್ಲ. ಹೀಗೆ ರಿಫಾಂಪಿಸಿನ್ ಬಂತು, ಆಮೇಲೆ ಸಿಪ್ರೊಫ್ಲಾಕ್ಸಾಸಿನ್.

ಈಗ ಸಿಪ್ರೊಫ್ಲಾಕ್ಸಾಸಿನ್‌ನ ಸರದಿ. 2005ರ ಬೇಸಿಗೆಯಲ್ಲಿ ದೆಹಲಿಯಲ್ಲಿ ಎ ಗುಂಪಿನ ಮೆನಿಂಗೊಕಾಕಸ್ ಹಬ್ಬಿ ನೂರಾರು ಜನ ಕಾಯಿಲೆ ಬಿದ್ದಾಗ, ರೋಗಿಗಳಿಂದ ತೆಗೆದ ರೋಗಾಣುಗಳು ಈ ಔಷಧಕ್ಕೆ ಸರಿಯಾಗಿ ಬಗ್ಗುತ್ತಿಲ್ಲ ಎಂದು ಅಲ್ಲಿನ ಪ್ರಯೋಗಾಲಯಗಳು ವರದಿ ಮಾಡಿದವು. ಭೇದಿಗೆ, ಜ್ವರಕ್ಕೆ, ಮೂತ್ರದ ಉರಿಗೆ ಎಲ್ಲದಕ್ಕೂ ಸಿಪ್ರೊ ನುಂಗುವ ದೇಶದಲ್ಲಿ ಇದು ಅಚ್ಚರಿಯಲ್ಲ. ಆದ್ದರಿಂದ ಭಾರತದಲ್ಲಿ ಸಂಪರ್ಕಿಗಳಿಗೆ ಔಷಧ ಆರಿಸುವ ವೈದ್ಯರು, ಸಿಪ್ರೊ ಎಷ್ಟೇ ಸಲೀಸಾಗಿದ್ದರೂ, ರೋಗಿಯ ಕಲ್ಚರ್ ವರದಿಯಲ್ಲಿ ಆ ಸಾಲನ್ನು ಹುಡುಕಬೇಕಾಗುತ್ತದೆ. ವರದಿ ಬರುವ ಮೊದಲೇ ಕೊಟ್ಟ ಸಿಪ್ರೊ ನಾಟುವಂಥದ್ದಲ್ಲ ಎಂದು ತಿಳಿದರೆ ರಿಫಾಂಪಿಸಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಅನ್ನು ಮತ್ತೆ ಕೊಡಬೇಕು.

ಕರ್ನಾಟಕದ ಓದುಗರಿಗೂ ಈ ಸಂಗತಿ ಹತ್ತಿರದ್ದೇ. ಹಜ್ ಯಾತ್ರೆಗೆ ಹೊರಡುವವರು ಮೆಕ್ಕಾ ಸೇರುವ ಕನಿಷ್ಠ ಹತ್ತು ದಿನ ಮೊದಲು ನಾಲ್ಕು ಗುಂಪುಗಳ ವಿರುದ್ಧದ ಲಸಿಕೆ ಹಾಕಿಸಿಕೊಂಡಿರಬೇಕು. 2000ದ ಹಜ್ ಸಮಯದಲ್ಲಿ ಡಬ್ಲ್ಯು ಗುಂಪಿನ ರೋಗ ಹಬ್ಬಿ, ಮರಳಿದ ಯಾತ್ರಿಕರ ಮನೆಯವರೂ ಹಲವು ದೇಶಗಳಲ್ಲಿ ಕಾಯಿಲೆ ಬಿದ್ದಿದ್ದರು. 2024ರಲ್ಲಿ ಉಮ್ರಾ ಯಾತ್ರೆಗೆ ಸಂಬಂಧಿಸಿದ 12 ಪ್ರಕರಣಗಳು ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಬೆಳಕಿಗೆ ಬಂದವು. ಅವರಲ್ಲಿ ಹತ್ತು ಮಂದಿ ಯಾತ್ರೆಗೆ ಹೋಗಿಬಂದವರು, ಇಬ್ಬರು ಅಂಥವರ ನಿಕಟ ಸಂಪರ್ಕದಲ್ಲಿದ್ದವರು. ಕೆಲವರ ರೋಗಾಣು ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗಲಿಲ್ಲ. ಯಾತ್ರೆಗೆ ಸಂಬಂಧಿಸಿದ ರೋಗಿಗಳ ಸಂಪರ್ಕಿಗಳಿಗೆ ಅದರ ಬದಲು ರಿಫಾಂಪಿಸಿನ್, ಸೆಫ್ಟ್ರಿಯಾಕ್ಸೋನ್ ಅಥವಾ ಅಜಿತ್ರೊಮೈಸಿನ್ ಕೊಡುವಂತೆ ಸಿಡಿಸಿ ಆಗ ಸೂಚಿಸಿತು. ಒಂದು ಪ್ರದೇಶದಲ್ಲಿ ಸಿಪ್ರೊ ಕೈಬಿಡುವುದು ಯಾವಾಗ ಎಂಬುದಕ್ಕೂ ಅದೇ ವರ್ಷ ಅದು ಒಂದು ಅಳತೆ ಇಟ್ಟಿತು: ಹಿಂದಿನ 12 ತಿಂಗಳಲ್ಲಿ ಸಿಪ್ರೊಗೆ ಬಗ್ಗದ ಪ್ರಕರಣಗಳು ಎರಡಾದರೂ ಇದ್ದು, ಅವು ಒಟ್ಟು ಪ್ರಕರಣಗಳ ಐದನೆಯ ಒಂದು ಭಾಗವನ್ನು ಮುಟ್ಟಿದರೆ ಅಲ್ಲಿ ಬೇರೆ ಔಷಧಕ್ಕೆ ಹೋಗಬೇಕು.